'urgent' ಅಂತ ಒಂದೇ ಪದ

ಇದು ಮುಂಬೈಯಲ್ಲಿ ನಮ್ಮ ಕನ್ನಡ ಬಳಗ ನಡೆಸುವ ಆಪ್ತಸಲಹೆಯ ಮೆಸೇಜ್ ನಂಬರಿಗೆ ಬಂದ ಪ್ರಕರಣ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ರಾತ್ರಿ ಹನ್ನೊಂದು ದಾಟಿತ್ತು. ಪರದೆಯ ಮೇಲೆ urgent ಅಂತ ಒಂದೇ ಪದ ಬಂತು. ಹೆಸರಿಲ್ಲ, ಊರಿಲ್ಲ. ಹೊಸದಾಗಿ ಸೇರಿದ್ದ ಹುಡುಗಿ ಗಾಬರಿಯಾಗಿ ಎರಡೇ ನಿಮಿಷದಲ್ಲಿ ಉತ್ತರ ಕಳಿಸಿದಳು. 'ನೀವು ತುಂಬಾ ನೊಂದಿದ್ದೀರಿ ಅಂತ ಅರ್ಥವಾಗುತ್ತದೆ. ದಯವಿಟ್ಟು ದುಡುಕಬೇಡಿ, ಮನೆಯವರನ್ನು ನೆನಪಿಸಿಕೊಳ್ಳಿ...' ಹೀಗೆ ಹತ್ತು ಸಾಲು. ಮೆಸೇಜ್ ಓದಿದ ಗುರುತು ಬಿತ್ತು. ಉತ್ತರ ಬರಲಿಲ್ಲ.

ಅವಳ ಕಾಳಜಿ ನಿಜವಾದದ್ದೇ. ಆದರೆ ಆ ಒಂದು ಪದದಲ್ಲಿ ನೋವು ಇತ್ತೋ, ಆಸ್ಪತ್ರೆ ಇತ್ತೋ, ಪಕ್ಕದಲ್ಲಿ ಹೊಡೆಯುವವನು ನಿಂತಿದ್ದನೋ, ನಮಗೆ ಗೊತ್ತಿರಲಿಲ್ಲ. ನಾವೇ ಒಂದು ಕತೆ ಕಟ್ಟಿಬಿಟ್ಟರೆ ಆ ಕಡೆಯವರು ಮೊದಲು ಅದನ್ನು ಅಲ್ಲಗಳೆಯಬೇಕು. ಒಂದೇ ಪದ ಬರೆಯುವಷ್ಟು ಶಕ್ತಿ ಉಳಿದವರಿಗೆ ಅದು ಭಾರ.

ಏಳೆಂಟು ನಿಮಿಷ ಕಾದು ನಾನು ಬರೆದೆ. 'ನಿಮ್ಮ ಮೆಸೇಜ್ ನೋಡಿದೆ. ನಾನು ಇಲ್ಲೇ ಇದ್ದೇನೆ. ಮೊದಲು ಬರೆದದ್ದು ನಮ್ಮ ಊಹೆ, ಅದನ್ನು ಬಿಟ್ಟುಬಿಡಿ. ಈಗ ಯಾರದ್ದಾದರೂ ಜೀವಕ್ಕೆ ಅಪಾಯ ಇದೆಯಾ? ಹೌದು ಅಥವಾ ಇಲ್ಲ ಅಂದರೆ ಸಾಕು.'

ಸರ್ ಅಂತಲೂ ಹಾಕಲಿಲ್ಲ, ಮೇಡಂ ಅಂತಲೂ ಹಾಕಲಿಲ್ಲ. ಪ್ರಶ್ನೆ ಒಂದೇ. ಹೌದು ಅಂದಿದ್ದರೆ ಮುಂದಿನ ಮಾತು ತುರ್ತು ನಂಬರ್ 112 ಮತ್ತು ಅವರಿರುವ ಜಾಗ.

'ಇಲ್ಲ' ಅಂತ ಬಂತು.

'ಸರಿ. ನಿಮ್ಮ ಫೋನನ್ನು ಬೇರೆ ಯಾರಾದರೂ ನೋಡ್ತಾರಾ?' ಇದನ್ನು ನಾನು ಯಾವತ್ತೂ ಬಿಡುವುದಿಲ್ಲ. ಮನೆಯಲ್ಲೇ ಹಿಂಸೆ ಇದ್ದರೆ ನಮ್ಮ ಉತ್ತರವೇ ಅವರಿಗೆ ಏಟಾಗಬಹುದು.

'ರೂಮಲ್ಲಿ ಎಲ್ಲ ಮಲಗಿದಾರೆ. ಬೆಳಕು ಕಾಣಬಾರದು ಅಂತ ಹೊದಿಕೆ ಒಳಗಿಂದ ಬರೀತಿದ್ದೀನಿ.'

ಒಂದೇ ಪದ ಯಾಕೆ ಅನ್ನೋದು ಆಗ ತಿಳಿಯಿತು. 'ಏನಾಯಿತು? ಆದಷ್ಟೇ ಬರೆಯಿರಿ' ಅಂದೆ.

'ದುಡ್ಡು ಹೋಯ್ತು ಅಕ್ಕ.'

ಹೋಟೆಲಿನ ಕೌಂಟರಿನಲ್ಲಿ ಕೆಲಸ ಮಾಡುವ ಹುಡುಗ. ಕರಾವಳಿ ಕಡೆಯವನು. ಬ್ಯಾಂಕಿನಿಂದ ಅಂತ ಯಾರೋ ಫೋನ್ ಮಾಡಿ ಒಟಿಪಿ ಕೇಳಿದ್ದರು. ತಂಗಿಯ ಫೀಸಿಗೆ ಇಟ್ಟಿದ್ದ 38,000 ರೂಪಾಯಿ ಒಂದು ಗಂಟೆ ಹಿಂದೆ ಖಾತೆಯಿಂದ ಹೋಗಿತ್ತು.

ಇಲ್ಲಿ ಸಮಾಧಾನಕ್ಕಿಂತ ಮೊದಲು ಗಡಿಯಾರ ನೋಡಬೇಕು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬೇಗ ಹೇಳಿದಷ್ಟೂ ಆ ಹಣ ಇನ್ನೊಂದು ಖಾತೆಗೆ ಜಾರುವ ಮೊದಲೇ ತಡೆಯುವ ಸಾಧ್ಯತೆ ಜಾಸ್ತಿ. 'ಈಗಲೇ 1930ಕ್ಕೆ ಮಾಡು. ಆಮೇಲೆ ಬ್ಯಾಂಕಿನ ಕಸ್ಟಮರ್ ಕೇರ್‌ಗೆ ಹೇಳಿ ಖಾತೆ ಬ್ಲಾಕ್ ಮಾಡಿಸು. ಮುಗಿದ ಮೇಲೆ ಬಾ, ನಾನು ಎದ್ದಿರ್ತೀನಿ' ಅಂದೆ.

ಮುಕ್ಕಾಲು ಗಂಟೆ ಕಳೆದು ಬಂದ. ದೂರು ದಾಖಲಾಗಿತ್ತು. ಆಮೇಲೆ ಬರೆದ: 'ಮನೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ. ಇರೋದೇ ಬೇಡ ಅನ್ಸುತ್ತೆ.'

ಮೊದಲು ನಾವು ಊಹಿಸಿದ ವಿಷಯ ಈಗ ಅವನ ಬಾಯಿಂದಲೇ ಬಂತು. ಈಗ ಸುತ್ತುಬಳಸಬಾರದು. 'ಸಾಯಬೇಕು ಅಂತ ಯೋಚನೆ ಬಂದಿದೆಯಾ?' ಅಂತ ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನೋದು ತಪ್ಪು ನಂಬಿಕೆ.

'ಬಂತು. ಏನೂ ಮಾಡ್ಕೊಳ್ಳಲ್ಲ ಅಕ್ಕ.'

ಹೇಗೆ ಅಂತ ಏನಾದರೂ ಯೋಚಿಸಿದ್ದಾನಾ, ಹಿಂದೆ ಯಾವತ್ತಾದರೂ ಪ್ರಯತ್ನಿಸಿದ್ದಾನಾ ಅಂತಲೂ ಕೇಳಿದೆ. ಎರಡಕ್ಕೂ ಇಲ್ಲ ಅಂದ. ಆ ಮಾತನ್ನಷ್ಟೇ ನಂಬಿ ಅವನನ್ನು ಒಂಟಿಯಾಗಿ ಬಿಡಲಿಲ್ಲ. ರೂಮಿನಲ್ಲಿ ಯಾರನ್ನು ಎಬ್ಬಿಸಬಹುದು ಅಂದೆ. ಅವನದ್ದೇ ಊರಿನ ಒಬ್ಬ ಅಡುಗೆಯವರಿದ್ದರು. ಅವರನ್ನು ಎಬ್ಬಿಸುವವರೆಗೂ ನಾನು ಚಾಟ್ ಮುಚ್ಚಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಕೊಟ್ಟೆ. ಅಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.

ಮರುದಿನ ಆ ಹುಡುಗಿ ಕೇಳಿದಳು: 'ಅವರು ಉತ್ತರವನ್ನೇ ಕೊಡದಿದ್ದರೆ?' ಹತ್ತು ನಿಮಿಷ ಬಿಟ್ಟು ಇನ್ನೊಂದೇ ಮೆಸೇಜ್ ಹಾಕು ಅಂದೆ. 'ಬರೆಯಲು ಆಗದಿದ್ದರೂ ಪರವಾಗಿಲ್ಲ. ಅಪಾಯ ಇದ್ದರೆ 112. ನಾಳೆ ಬರೆದರೂ ನಾವು ಓದುತ್ತೇವೆ.' ಅದಾದ ಮೇಲೆ ಸುಮ್ನೆ ಇರಬೇಕು. ಮೇಲಿಂದ ಮೇಲೆ ಮೆಸೇಜ್ ಹಾಕಿದರೆ ಫೋನ್ ಸದ್ದು ಮಾಡುತ್ತದೆ, ಅಲ್ವಾ? ಆ ಸದ್ದು ಯಾರ ಕಿವಿಗೆ ಬೀಳುತ್ತದೆ ಅಂತ ನಮಗೆ ಗೊತ್ತಿಲ್ಲ.

ಹುಡುಗ ನಾಲ್ಕು ದಿನದ ಮೇಲೆ ಮತ್ತೆ ಬರೆದ. ದುಡ್ಡು ಇನ್ನೂ ಬಂದಿರಲಿಲ್ಲ. ಅಡುಗೆಯವರೇ ಪಕ್ಕದಲ್ಲಿ ಕೂತು ಊರಿಗೆ ಫೋನ್ ಮಾಡಿಸಿದ್ದರು. ತಂಗಿಗೆ ವಿಷಯ ತಿಳಿಸಿದ್ದ.