ದುಂಡಕ್ಷರದ ಋಣ

“ಮಾನ್ಯ ಸಂಪಾದಕರೇ, ನಾನು ಗಣಿತದ ಅಧ್ಯಾಪಕಿ. ಕಾಗೆಕಾಲು ಗುಬ್ಬಿಕಾಲಿನಂಥ ಅಕ್ಷರ, ಪುಟದ ತುಂಬ ಚಿತ್ತು ಇರುವ ಉತ್ತರಪತ್ರಿಕೆಗೆ ನೂರಕ್ಕೆ ಹತ್ತು ಅಂಕ ಕಳೆಯುತ್ತೇನೆ. ಹಾಗೆ ಮಾಡದಿದ್ದರೆ ಮಕ್ಕಳು ಅಚ್ಚುಕಟ್ಟು ಕಲಿಯುವುದು ಯಾವಾಗ?”
— ಓದುಗರೊಬ್ಬರು

ತಾವು ಉತ್ತರಪತ್ರಿಕೆಗಳನ್ನು ನಿಜಕ್ಕೂ ಓದುವವರೆಂದು ಪತ್ರವೇ ಹೇಳುತ್ತದೆ. ಓದದೆ ತಿದ್ದುವವರನ್ನು ಚಿತ್ತು ಇಷ್ಟು ನೋಯಿಸುವುದಿಲ್ಲ. ಅಚ್ಚುಕಟ್ಟು ಒಳ್ಳೆಯದೇ, ಅದರ ಬಗ್ಗೆ ತಕರಾರಿಲ್ಲ. ಅದನ್ನು ಗಣಿತದ ಅಂಕದಲ್ಲಿ ವಸೂಲು ಮಾಡುವುದನ್ನು ಮಾತ್ರ ನಾನು ಒಪ್ಪಲಾರೆ.

ನಾನೂ ಕೆಲವು ವರ್ಷ ಮೌಲ್ಯಮಾಪನ ಮಾಡಿದವನು. ಒಮ್ಮೆ ಮರುಪರಿಶೀಲನೆಗೆ ಬಂದ ಪತ್ರಿಕೆಯಲ್ಲಿ ವೃತ್ತದ ವಿಸ್ತೀರ್ಣದ ಐದಂಕದ ಲೆಕ್ಕವೊಂದಿತ್ತು. ತ್ರಿಜ್ಯ 7 ಸೆಂ.ಮೀ. ಹುಡುಗನ 7 ಥೇಟು 1ರಂತೆ ಕಾಣುತ್ತಿತ್ತಾದ್ದರಿಂದ ಮೊದಲ ಮೌಲ್ಯಮಾಪಕರು ‘ಬೆಲೆ ತಪ್ಪು’ ಎಂದು ಎರಡಂಕ ಕೊಟ್ಟು ಮುಗಿಸಿದ್ದರು. ಆದರೆ ಮುಂದಿನ ಸಾಲಿನಲ್ಲಿ 49 ಇತ್ತು, ಅದರ ಕೆಳಗೆ 154 ಚದರ ಸೆಂ.ಮೀ. ಇತ್ತು. ತ್ರಿಜ್ಯ 1 ಎಂದುಕೊಂಡವನಿಗೆ 49 ಎಲ್ಲಿಂದ ಬರಬೇಕು? ಆತನ ಅಂಕಿಗೆ ಆತನ ಲೆಕ್ಕವೇ ಸಾಕ್ಷಿ ನುಡಿಯುತ್ತಿತ್ತು; ಐದಕ್ಕೆ ಐದು ಕೊಟ್ಟೆ. ಅದೇ ಪತ್ರಿಕೆಯ ಇನ್ನೊಂದು ಕಡೆ, ಹಂತಗಳನ್ನು ಬರೆಯದೆ ನೇರವಾಗಿ ಕೊಟ್ಟ ಒಂದಂಕದ ಉತ್ತರವೊಂದು 3ರಂತೆಯೂ ಇತ್ತು, 8ರಂತೆಯೂ ಇತ್ತು. ಅಲ್ಲಿ ಹಿಂದುಮುಂದಿನ ಸಾಕ್ಷಿಯಿಲ್ಲದ್ದರಿಂದ ಆ ಒಂದಂಕ ಹೋಯಿತು. ಅದು ಕೆಟ್ಟ ಅಕ್ಷರಕ್ಕೆ ಕೊಟ್ಟ ಶಿಕ್ಷೆಯಲ್ಲ. ಓದಲಾಗದ್ದಕ್ಕೆ ಅಂಕ ಕೊಡಲು ಬರುವುದಿಲ್ಲ, ಅಷ್ಟೆ. ಈ ಎರಡರ ನಡುವಿನ ಗೆರೆಯನ್ನು ತಮ್ಮ ಹತ್ತಂಕ ಅಳಿಸಿಬಿಡುತ್ತದೆ.

1913ರಲ್ಲಿ ಅಮೆರಿಕದ ಸಂಶೋಧಕರಾದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಒಂದೇ ರೇಖಾಗಣಿತದ ಉತ್ತರಪತ್ರಿಕೆಯನ್ನು ನೂರಕ್ಕೂ ಹೆಚ್ಚು ಅಧ್ಯಾಪಕರಿಂದ ತಿದ್ದಿಸಿದರು. ಬಂದ ಅಂಕಗಳು 28ರಿಂದ 92ರವರೆಗೆ ಹರಡಿದ್ದವು. ಕೆಲವರು ಅಚ್ಚುಕಟ್ಟಿಗೂ ಅಂಕ ಕಳೆದಿದ್ದರು, ಕೆಲವರು ಉತ್ತರವನ್ನಷ್ಟೇ ನೋಡಿದ್ದರು. ಅಕ್ಷರದ ಅಂದಚೆಂದ ನಮಗೆ ತಿಳಿಯದಂತೆಯೇ ಕೈಯನ್ನು ಹಿಡಿಯುತ್ತದೆಂಬುದನ್ನು ಆಮೇಲಿನ ಅಧ್ಯಯನಗಳೂ ಮತ್ತೆ ಮತ್ತೆ ಕಂಡಿವೆ. ಹೀಗೆ ನಮ್ಮ ಅರಿವಿಲ್ಲದೆ ಮೊದಲೇ ಅಂಕ ಕಳೆದುಕೊಂಡವನಿಂದ ತಾವು ಅರಿತು ಇನ್ನೂ ಹತ್ತು ಕಳೆದರೆ ಒಂದೇ ತಪ್ಪಿಗೆ ಎರಡು ದಂಡವಾಯಿತು.

ತಮಗೆ ಒಂದು ಸಲಹೆ. ಒಬ್ಬರ ಪತ್ರಿಕೆಯನ್ನು ಪೂರ್ತಿ ತಿದ್ದಿ ಇನ್ನೊಬ್ಬರದಕ್ಕೆ ಹೋಗುವ ಬದಲು, ಎಲ್ಲರ ಮೊದಲ ಪ್ರಶ್ನೆಯನ್ನು ತಿದ್ದಿ ಆಮೇಲೆ ಎರಡನೆಯದಕ್ಕೆ ಹೋಗಿ; ಹಿಂದಿನ ಪುಟದ ಮುನಿಸು ಮುಂದಿನ ಉತ್ತರಕ್ಕೆ ಅಂಟುವುದಿಲ್ಲ. ಓದಲಾಗದ ಅಂಕಿಯ ಕೆಳಗೆ ಗೆರೆ ಎಳೆದು, ಅಂಥ ಪತ್ರಿಕೆಗಳನ್ನು ಬದಿಗಿಟ್ಟು, ದಣಿವಾರಿದ ಮೇಲೆ ಸಹೋದ್ಯೋಗಿಯೊಬ್ಬರಿಗೂ ತೋರಿಸಿ. ಇಬ್ಬರಿಗೂ ತಿಳಿಯದಿದ್ದರೆ ಆ ಹಂತದ ಅಂಕವಷ್ಟೇ ಹೋಗಲಿ. ಹೊಡೆದುಹಾಕಿದ ಸಾಲಿಗಂತೂ ಏನನ್ನೂ ಕಳೆಯಬೇಡಿ. ತನ್ನ ತಪ್ಪನ್ನು ತಾನೇ ಕಂಡುಕೊಂಡವನ ಗುರುತು ಅದು. ಅಕ್ಷರಕ್ಕೆ ಅಂಕ ಬೇಕೇಬೇಕೆಂದರೆ ಭಾಷೆಯ ಪತ್ರಿಕೆಯಲ್ಲಿ, ಮೊದಲೇ ತಿಳಿಸಿ, ಬೇರೆಯಾಗಿಯೇ ಇಡಬಹುದು.

ಇಷ್ಟಕ್ಕೆಲ್ಲ ಸಮಯವೆಲ್ಲಿ ಎಂದು ತಾವು ಕೇಳುವಿರಿ, ಕೇಳಬೇಕಾದದ್ದೇ. ತಿದ್ದಿದ ಪತ್ರಿಕೆಗಳ ಎಣಿಕೆಗೆ ಸಂಭಾವನೆ ಕೊಟ್ಟು, ಸಂಜೆಯೊಳಗೆ ಕಟ್ಟು ಮುಗಿಸಿರೆಂದು ಅವಸರಪಡಿಸುವ ಕಡೆ ದುಂಡಕ್ಷರದವನೇ ಗೆಲ್ಲುತ್ತಾನೆ. ಕೆಳಗಿನ ತರಗತಿಗಳಲ್ಲೇ ಕಾಪಿ ಬರೆಸುವುದನ್ನು ಕೈಬಿಟ್ಟವರು ನಾವು. ಅದರ ಲೆಕ್ಕವನ್ನು ಪರೀಕ್ಷೆಯ ದಿನ ಮಗುವಿನ ಕೈಯಲ್ಲಿ ಚುಕ್ತಾ ಮಾಡಿಸುತ್ತಿದ್ದೇವೆ.