ಅವಳಿಯರಲ್ಲಿ ಒಬ್ಬಳು ಎಡಚಿ

ಎಡಗೈ ಮಕ್ಕಳನ್ನು ನನ್ನ ಹತ್ತಿರ ಕರೆತರುವ ಅಪ್ಪ ಅಮ್ಮಂದಿರು ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತಾರೆ: "ಎಷ್ಟು ಹೇಳಿದ್ರೂ ಕೈ ಬದಲಾಯಿಸ್ತಾ ಇಲ್ಲ ಮೇಡಂ." ಆದರೆ ಈ ಮನೆಯವರ ಹತ್ತಿರ ಬೇರೆ ಯಾರ ಹತ್ತಿರವೂ ಇಲ್ಲದ ಒಂದು ವಾದವಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಆರೂವರೆ ವರ್ಷದ ಅವಳಿ ಹೆಣ್ಣುಮಕ್ಕಳು. ಒಂದೇ ಅಂಡದಿಂದ ಆದ ಅವಳಿಗಳು ಅಂತ ಡಾಕ್ಟರು ಹೇಳಿದ್ದರು. ನೋಡಿದರೂ ಗೊತ್ತಾಗುತ್ತಿತ್ತು, ನಾನೇ ಎರಡು ಸಲ ಮೋಸ ಹೋದೆ. ನಾಲ್ಕು ನಿಮಿಷ ಮೊದಲು ಹುಟ್ಟಿದ ದೊಡ್ಡವಳು ಬಲಗೈ. ಚಿಕ್ಕವಳು ಎಡಗೈ. ಸುಮಾರು ಎಂಟು ತಿಂಗಳಿಂದ ಚಿಕ್ಕವಳಿಗೆ ಬಲಗೈಯಲ್ಲಿ ಬರೆಸುತ್ತಿದ್ದರು. ಈಗ ಅವಳಿಗೆ ಬೆಳಿಗ್ಗೆ ಶಾಲೆಗೆ ಹೊರಡುವಾಗ ಹೊಟ್ಟೆನೋವು. ಕಾಪಿ ಪೂರ್ತಿ ಬರೆಯುವುದಿಲ್ಲ. ಹೊಸಬರು ಬಂದರೆ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾಳೆ. ನನ್ನೆದುರೂ ಹಾಗೇ ಕೂತಿದ್ದಳು.

ಮನೆಯವರ ವಾದ ಇದು: "ಇಬ್ರೂ ಒಂದೇ ರಕ್ತ, ಒಂದೇ ಮನೆ, ಒಂದೇ ಊಟ. ಅವಳಿಗೆ ಬಲಗೈಯಲ್ಲಿ ಬರುತ್ತೆ ಅಂದ್ರೆ ಇವಳಿಗೂ ಬರಲೇಬೇಕು. ಇದು ಹಟ." ಅಪ್ಪ ಇದನ್ನು ಲೆಕ್ಕ ಬಿಡಿಸಿದ ಹಾಗೆ ಹೇಳಿದರು. ಅಜ್ಜಿಯದು ಇನ್ನೊಂದು ದಾರಿ. ಸೊಸೆ ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಓಡಾಡಿದ್ದಳಂತೆ. ಆಗ ಹೊಟ್ಟೆಯಲ್ಲಿ ಇಬ್ಬರೂ ಇದ್ದರಲ್ಲ, ಗ್ರಹಣ ಒಬ್ಬಳನ್ನೇ ಹೇಗೆ ಹಿಡಿಯಿತು ಅಂತ ಕೇಳಬೇಕೆನಿಸಿತು. ಕೇಳಲಿಲ್ಲ.

ಇಂಥ ಪ್ರಕರಣದಲ್ಲಿ ನಾನು ಮೊದಲು ಕೇಳುವುದು ಕೈ ಯಾವಾಗ ಗೊತ್ತಾಯಿತು ಅನ್ನುವುದನ್ನು. ಸಾಮಾನ್ಯವಾಗಿ ಒಂದೂವರೆ ಎರಡು ವರ್ಷದ ಹೊತ್ತಿಗೆ ಒಲವು ಕಾಣತೊಡಗುತ್ತದೆ, ನಾಲ್ಕರಿಂದ ಆರು ವರ್ಷದೊಳಗೆ ಗಟ್ಟಿಯಾಗುತ್ತದೆ. ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಬಳಸುತ್ತಾ, ಇನ್ನೊಂದು ಕೈಯನ್ನು ಮುಷ್ಟಿ ಕಟ್ಟಿಕೊಂಡೇ ಇದ್ದರೆ ಅದು ಒಲವಲ್ಲ, ಆ ಇನ್ನೊಂದು ಕೈಗೆ ಬಲ ಇಲ್ಲದಿರಬಹುದು. ಅವಳಿ ಮಕ್ಕಳು ತಿಂಗಳು ತುಂಬುವ ಮೊದಲೇ ಹುಟ್ಟುವುದು ಜಾಸ್ತಿ, ಹಾಗಾಗಿ ಇದನ್ನು ಬಿಡುವ ಹಾಗಿಲ್ಲ. ದೊಡ್ಡ ಮಗು ಇದ್ದಕ್ಕಿದ್ದಂತೆ ಕೈ ಬದಲಿಸಿದರೂ ಮೊದಲು ಮಕ್ಕಳ ಡಾಕ್ಟರ ಹತ್ತಿರವೇ ಹೋಗಬೇಕು. ಇವಳ ವಿಷಯದಲ್ಲಿ ಅಂಥದ್ದೇನೂ ಇರಲಿಲ್ಲ. ಎರಡು ವರ್ಷ ಆದಮೇಲೆ ಚಮಚ ಎಡಗೈಗೆ ಹೋಗಿತ್ತು, ಅಷ್ಟೆ.

ಎರಡನೇ ಭೇಟಿಗೆ ಇಬ್ಬರನ್ನೂ ಕರೆತನ್ನಿ ಅಂದೆ. ಮೇಜಿನ ನಡುವೆ, ಯಾವ ಕೈಗೂ ವಾಲದ ಹಾಗೆ, ಒಂದೊಂದೇ ಸಾಮಾನು ಇಟ್ಟೆ. ಪೆನ್ಸಿಲ್, ಹಲ್ಲುಜ್ಜುವ ಬ್ರಷ್, ಬಾಚಣಿಗೆ, ಚೆಂಡು, ಮಣಿ ಪೋಣಿಸುವ ದಾರ, ಮುಚ್ಚಳದ ಡಬ್ಬಿ, ಹೀಗೆ ಹತ್ತು. ಯಾವ ಕೈ ಮುಂದೆ ಬರುತ್ತದೆ ಅಂತ ಸುಮ್ನೆ ಬರೆದುಕೊಂಡೆ. ಚಿಕ್ಕವಳು ಒಂಬತ್ತಕ್ಕೆ ಎಡಗೈ ಚಾಚಿದಳು. ಹತ್ತನೆಯದು ಚಮಚ. ಅದಕ್ಕೆ ಅಜ್ಜಿಯ ಮುಖ ನೋಡಿ ಬಲಗೈ ಚಾಚಿದಳು.

ಆಮೇಲೆ ಚೌಕದ ಹಾಳೆ. ಅರ್ಧ ನಿಮಿಷದಲ್ಲಿ ಎಷ್ಟು ಚೌಕಕ್ಕೆ ಒಂದೊಂದು ಚುಕ್ಕೆ ಇಡಬಹುದು? ಮೊದಲು ಒಂದು ಕೈ, ನಂತರ ಇನ್ನೊಂದು. ಎಣಿಸುವ ಕೆಲಸ ಅಪ್ಪನಿಗೇ ಕೊಟ್ಟೆ. ಲೆಕ್ಕದ ಮನುಷ್ಯ, ತಾನೇ ಎಣಿಸಿದ್ದನ್ನು ಇಲ್ಲ ಅನ್ನಲಾರರು. ಚಿಕ್ಕವಳದು ಎಡಗೈಯಲ್ಲಿ 38, ಬಲಗೈಯಲ್ಲಿ 24. ದೊಡ್ಡವಳದು ಬಲಗೈಯಲ್ಲಿ 40. ಅವಳಿಗೂ ಎಡಗೈಯಲ್ಲಿ ಇಡು ಅಂದಾಗ ನಗುತ್ತಾ ಶುರು ಮಾಡಿದಳು. ಚುಕ್ಕೆ ಗೆರೆ ದಾಟಿತು, ಪೆನ್ಸಿಲ್ ಜಾರಿತು, ನಗು ನಿಂತಿತು. 23.

ಪೆನ್ಸಿಲ್ ಕೆಳಗಿಟ್ಟು ತಂಗಿಯ ಕಡೆ ತಿರುಗಿ ಕೇಳಿದಳು: "ನಿಂಗೆ ದಿನಾ ಹೀಗೇ ಆಗುತ್ತಾ?"

ಚಿಕ್ಕವಳು ಹೂಂ ಅಂದಳು. ಅಮ್ಮ ಕಿಟಕಿಯ ಕಡೆ ತಿರುಗಿಕೊಂಡರು. ಅಪ್ಪ ಹಾಳೆಯನ್ನು ಇನ್ನೊಂದು ಸಲ ಎಣಿಸಿದರು. ನಾನು ಸಿದ್ಧ ಮಾಡಿಕೊಂಡಿದ್ದ ಅರ್ಧ ಗಂಟೆಯ ಮಾತು ಆ ಒಂದು ಪ್ರಶ್ನೆಯ ಮುಂದೆ ಬೇಕೇ ಇರಲಿಲ್ಲ. ಆದರೂ ಅಪ್ಪ ಬಿಡಲಿಲ್ಲ. "ಒಂದೇ ಜೀನ್ ಇದ್ದೂ ಕೈ ಬೇರೆ ಆಗೋದು ಹೇಗೆ ಮೇಡಂ?" ನ್ಯಾಯವಾದ ಪ್ರಶ್ನೆಯೇ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಒಂದೇ ಅಂಡದ ಅವಳಿಗಳಲ್ಲಿ ಸುಮಾರು ಐದು ಜೋಡಿಗೆ ಒಂದು ಜೋಡಿ ಹೀಗೆಯೇ, ಒಬ್ಬರು ಎಡಗೈ, ಒಬ್ಬರು ಬಲಗೈ. ಬಣ್ಣ, ಎತ್ತರ, ಮುಖ ಒಂದೇ ಇದ್ದು ಕೈ ಮಾತ್ರ ಬೇರೆ. ಜೀನ್ ಒಂದೇ ಎಲ್ಲವನ್ನೂ ತೀರ್ಮಾನಿಸುವ ಹಾಗಿದ್ದರೆ ಇದು ಆಗಲೇಬಾರದಿತ್ತು. ಹಾಗಂತ ಜೀನ್‌ಗೆ ಪಾತ್ರವೇ ಇಲ್ಲ ಅಂತಲ್ಲ. ಅಪ್ಪ ಅಮ್ಮ ಇಬ್ಬರೂ ಬಲಗೈಯವರಾದರೆ ಮಕ್ಕಳಲ್ಲಿ ಹತ್ತಕ್ಕೆ ಒಬ್ಬರು ಎಡಗೈ. ಇಬ್ಬರೂ ಎಡಗೈಯವರಾದರೆ ನಾಲ್ಕಕ್ಕೆ ಒಬ್ಬರು. ಗಮನಿಸಿ, ಆಗಲೂ ಬಲಗೈಯವರೇ ಜಾಸ್ತಿ. ಜನರ ನಡುವಿನ ಈ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಸುಮಾರು ಕಾಲು ಭಾಗ ಅಂತ ಅಂದಾಜು. ಅದೂ ಒಂದು ಜೀನ್ ಅಲ್ಲ. ಹದಿನೇಳು ಲಕ್ಷ ಜನರ ಮಾಹಿತಿ ಜಾಲಾಡಿದ ಅಧ್ಯಯನಕ್ಕೆ ಡಿಎನ್‌ಎಯಲ್ಲಿ 41 ಜಾಗಗಳು ಸಿಕ್ಕವು, ಒಂದೊಂದರ ಪ್ರಭಾವವೂ ಚಿಟಿಕೆಯಷ್ಟು. ಅವುಗಳಲ್ಲಿ ಹಲವು, ಜೀವಕೋಶಕ್ಕೆ ಒಳಗಿನಿಂದ ಆಕಾರ ಕೊಡುವ ಸಣ್ಣ ಕೊಳವೆಗಳಿಗೆ ಸಂಬಂಧಿಸಿದವು. ಮಿದುಳಿನ ಎಡ ಬಲ ಬೇರೆಯಾಗುವುದರಲ್ಲಿ ಈ ಕೊಳವೆಗಳ ಕೈವಾಡ ಇದೆ ಅನ್ನುವ ಗುಮಾನಿ ಇದೆ.

ಹಾಗಾದರೆ ಉಳಿದ ಮುಕ್ಕಾಲು? ಅದು ಮನೆಯ ಅಭ್ಯಾಸ ಅಂದುಕೊಳ್ಳುವುದು ಸಹಜ. ಆದರೆ ಕೈ ಮನೆಗೆ ಬರುವ ಮೊದಲೇ ಹೆಚ್ಚುಕಮ್ಮಿ ತೀರ್ಮಾನವಾಗಿರುತ್ತದೆ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಸಂಶೋಧಕ ಪೀಟರ್ ಹೆಪರ್ ಮತ್ತು ಜೊತೆಗಾರರು ಸ್ಕ್ಯಾನಿಂಗ್‌ನಲ್ಲಿ ಗರ್ಭದ ಶಿಶುಗಳು ಯಾವ ಹೆಬ್ಬೆರಳು ಚೀಪುತ್ತವೆ ಅಂತ ನೋಡಿಟ್ಟಿದ್ದರು. ಅವರಲ್ಲಿ 75 ಮಕ್ಕಳನ್ನು ಹತ್ತು ಹನ್ನೆರಡು ವರ್ಷವಾದ ಮೇಲೆ ಮತ್ತೆ ಹುಡುಕಿ ನೋಡಿದರು. ಬಲ ಹೆಬ್ಬೆರಳು ಚೀಪಿದ್ದ 60 ಮಕ್ಕಳೂ ಬಲಗೈಯವರಾಗಿದ್ದರು. ಎಡದ್ದನ್ನು ಚೀಪಿದ್ದ 15 ಮಕ್ಕಳಲ್ಲಿ 10 ಎಡಗೈ, 5 ಬಲಗೈ. ಅಜ್ಜಿ ಮಗುವಿನ ಕೈಯಿಂದ ಚಮಚ ಬದಲಿಸುವ ಎಷ್ಟೋ ಮೊದಲೇ ನಡೆದ ಕಥೆ ಇದು.

ಅದಕ್ಕೇ ಈ ಕ್ಷೇತ್ರದವರು ಆಕಸ್ಮಿಕ ಅನ್ನುವ ಮಾತನ್ನು ಗಂಭೀರವಾಗಿಯೇ ಬಳಸುತ್ತಾರೆ. ಒಂದೇ ಬಳ್ಳಿಯ ಎರಡು ಕುಡಿ ಒಂದೇ ಚಪ್ಪರದಲ್ಲಿ ಬೇರೆ ಬೇರೆ ಕಡೆ ಹಬ್ಬುತ್ತವೆ, ಬಳ್ಳಿ ಬೇರೆಯಾದದ್ದಕ್ಕಲ್ಲ. ಮಿದುಳು, ಬೆನ್ನುಹುರಿ ಕಟ್ಟಿಕೊಳ್ಳುವಾಗ ಕೋಟ್ಯಂತರ ಜೀವಕೋಶಗಳ ನಡುವೆ ಆಗುವ ಸಣ್ಣ ಏರುಪೇರು ಕೆಲವೊಮ್ಮೆ ಎಡಕ್ಕೆ ವಾಲಿಸುತ್ತದೆ. ಜೀನ್‌ಗಳು ತಕ್ಕಡಿಯನ್ನು ಬಲಕ್ಕೆ ಒತ್ತುತ್ತವೆ, ಹಿಡಿದು ಕಟ್ಟಿಹಾಕುವುದಿಲ್ಲ. ಜಗತ್ತಿನಲ್ಲಿ ಎಡಗೈಯವರು ನೂರಕ್ಕೆ ಹತ್ತರ ಆಸುಪಾಸಿನಲ್ಲಿದ್ದಾರೆ. "ಅಂದ್ರೆ ಯಾರ ತಪ್ಪೂ ಅಲ್ಲ," ಅಂದರು ಅಮ್ಮ. ಅತ್ತೆಯ ಎದುರಿಗೇ, ಸ್ವಲ್ಪ ಗಟ್ಟಿಯಾಗಿ. ವರ್ಷಗಳಿಂದ ಗ್ರಹಣದ ಮಾತು ಕೇಳಿಸಿಕೊಂಡ ದನಿ ಅದು.

"ಅಭ್ಯಾಸ ಮಾಡಿಸಿದ್ರೆ ಬದಲಾಗಲ್ವಾ?" ಅಂದರು ಅಜ್ಜಿ. ಕೈ ಬದಲಾಗುತ್ತದೆ, ಸುಳ್ಳು ಹೇಳಲಿಲ್ಲ. ಬದಲಿಸಿಕೊಂಡು ಚೆನ್ನಾಗಿಯೇ ಬದುಕಿದವರು ಬೇಕಾದಷ್ಟಿದ್ದಾರೆ. ಆದರೆ ಹೀಗೆ ಚಿಕ್ಕಂದಿನಲ್ಲಿ ಕೈ ಬದಲಿಸಿದ ದೊಡ್ಡವರ ಮಿದುಳನ್ನು ಜರ್ಮನಿಯಲ್ಲಿ ಸ್ಕ್ಯಾನ್ ಮಾಡಿ ನೋಡಿದ್ದಾರೆ. ಬಲಗೈಯನ್ನು ಮುಖ್ಯವಾಗಿ ನಡೆಸುವುದು ಮಿದುಳಿನ ಎಡಭಾಗ. ದಶಕಗಳ ನಂತರವೂ ಬಲಗೈಯಲ್ಲಿ ಬರೆಯುವಾಗ ಅವರ ಮಿದುಳಿನ ಬಲಭಾಗವೂ ಕೆಲಸಕ್ಕಿಳಿಯುತ್ತಿತ್ತು, ಹುಟ್ಟು ಬಲಗೈಯವರಲ್ಲಿ ಅಷ್ಟಾಗಿ ಹಾಗಾಗುತ್ತಿರಲಿಲ್ಲ. ಕೈ ಮಾತು ಕೇಳುತ್ತದೆ, ಮಿದುಳು ಪೂರ್ತಿ ಕೇಳುವುದಿಲ್ಲ. ಕೈ ಬದಲಿಸಿದರೆ ಉಗ್ಗು ಬರುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಅದಕ್ಕೆ ಗಟ್ಟಿ ಆಧಾರ ಇಲ್ಲ, ನಾನು ಆ ಹೆದರಿಕೆ ಬಳಸುವುದಿಲ್ಲ. ಎಂಟು ತಿಂಗಳ ಹೊಟ್ಟೆನೋವೇ ಸಾಕಿತ್ತು.

ಕೊಟ್ಟ ಸಲಹೆ ಹೀಗಿತ್ತು. ಬರೆಯುವುದು, ಚಿತ್ರ ಬಿಡಿಸುವುದು, ಕತ್ತರಿ ಹಿಡಿಯುವುದು ಇವತ್ತಿನಿಂದಲೇ ಎಡಗೈ, ಇದರಲ್ಲಿ ಚೌಕಾಸಿ ಇಲ್ಲ. ಹಾಳೆ ಮೈಯ ನಡುವೆ ಬೇಡ, ಸ್ವಲ್ಪ ಎಡಕ್ಕಿರಲಿ. ಅದರ ಎಡ ಮೂಲೆ ಮೇಲಕ್ಕೆ ಹೋಗುವ ಹಾಗೆ ಓರೆ ಮಾಡಿ. ಪೆನ್ಸಿಲನ್ನು ತುದಿಯಿಂದ ಎರಡೂವರೆ ಮೂರು ಸೆಂಟಿಮೀಟರ್ ಮೇಲೆ ಹಿಡಿಯಲಿ. ಆಗ ಬರೆದದ್ದು ಕಾಣುತ್ತದೆ, ಮಣಿಕಟ್ಟು ಕೊಕ್ಕೆಯ ಹಾಗೆ ಬಾಗುವುದಿಲ್ಲ, ಅಂಗೈ ಅಂಚಿಗೆ ಮಸಿಯೂ ಮೆತ್ತುವುದಿಲ್ಲ. ತರಗತಿಯಲ್ಲಿ ಬೆಂಚಿನ ಎಡ ತುದಿಯಲ್ಲಿ ಕೂರಿಸಿ, ಇಲ್ಲದಿದ್ದರೆ ದಿನವೆಲ್ಲ ಪಕ್ಕದವರ ಜೊತೆ ಮೊಣಕೈ ಜಗಳ. ಟೀಚರಿಗೆ ಒಂದು ಮಾತು ಬರೆದುಕೊಟ್ಟೆ. ಕನ್ನಡದ ತಲಕಟ್ಟನ್ನು ಎಡದಿಂದ ಬಲಕ್ಕೆ ತಿದ್ದಿಸುತ್ತೇವೆ. ಬಲಗೈಗೆ ಅದು ಎಳೆಯುವ ಗೆರೆ, ಎಡಗೈಗೆ ತಳ್ಳುವ ಗೆರೆ. ಇವಳು ಅದನ್ನು ಬಲದಿಂದ ಶುರು ಮಾಡಿದರೆ ತಿದ್ದಬೇಡಿ, ಅಕ್ಷರ ಓದಲು ಬಂದರೆ ಸಾಕು.

ಊಟದ ವಿಷಯದಲ್ಲಿ ನಾನು ಹೇಳಿದ್ದನ್ನು ಕೆಲವು ಸಹೋದ್ಯೋಗಿಗಳು ಒಪ್ಪುವುದಿಲ್ಲ. ತೀರ್ಥ, ಪ್ರಸಾದ, ದೊಡ್ಡವರಿಗೆ ಏನಾದರೂ ಕೊಡುವುದು, ಇವಕ್ಕೆ ಬಲಗೈ ಮುಂದಿಡಲಿ ಅಂದೆ. ಕೈಯಲ್ಲಿ ಉಣ್ಣುವುದೂ ಅವಳಿಗೆ ಆಗಲೇ ಬಲಗೈಯಲ್ಲಿ ಒಗ್ಗಿತ್ತು, ಅದು ಹಾಗೇ ಇರಲಿ. ಮರೆತು ಎಡಗೈ ಬಂದರೆ ಬೈಯುವ ಹಾಗಿಲ್ಲ. ಇದು ರಾಜಿ ಅಂತ ಆಪಾದನೆ. ಇರಬಹುದು. ಅನ್ನ ಕಲಸುವುದಕ್ಕೆ ಅಕ್ಷರದಷ್ಟು ನಯ ಬೇಕಿಲ್ಲ, ಪ್ರಸಾದಕ್ಕೆ ಕೈ ಚಾಚುವುದು ಒಂದು ಕ್ಷಣದ ರೂಢಿ. ಬರೆಯುವುದು ದಿನಕ್ಕೆ ಎರಡು ಮೂರು ಗಂಟೆಯ ದುಡಿಮೆ. ಎರಡನ್ನೂ ಒಂದೇ ಯುದ್ಧ ಮಾಡಿದರೆ ಅಜ್ಜಿ ಎರಡರಲ್ಲೂ ಸೋಲಲು ಒಪ್ಪುತ್ತಿರಲಿಲ್ಲ, ಆಗ ಏಟು ಬೀಳುವುದು ಮಗುವಿಗೇ.

ನಾಲ್ಕು ತಿಂಗಳ ಮೇಲೆ ಬಂದಾಗ ಹೊಟ್ಟೆನೋವು ಇರಲಿಲ್ಲ. ಅಕ್ಷರ ಇನ್ನೂ ನಿಧಾನ, ದುಂಡಗೂ ಆಗಿಲ್ಲ. ಅಮ್ಮ ಎಡಗೈ ಕತ್ತರಿ ತರಿಸಿದ್ದರು. ಮಾಮೂಲಿ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಬೆರಳಿನ ಒತ್ತಡಕ್ಕೆ ಅಲಗುಗಳು ಒಂದರಿಂದ ಒಂದು ದೂರ ಸರಿಯುತ್ತವೆ, ಹಾಳೆ ಕತ್ತರಿಸುವ ಬದಲು ಮಡಿಸುತ್ತದೆ. ಕತ್ತರಿಸಬೇಕಾದ ಗೆರೆಯೂ ಮೇಲಿನ ಅಲಗಿನ ಹಿಂದೆ ಮರೆಯಾಗುತ್ತದೆ. ಹೊಸ ಕತ್ತರಿಯನ್ನು ದೊಡ್ಡವಳು ಕಿತ್ತುಕೊಂಡು ಬಲಗೈಯಲ್ಲಿ ಹಿಡಿದು ಎರಡು ಸಲ ಪ್ರಯತ್ನಿಸಿದಳು. "ಇದು ಹಾಳಾಗಿದೆ," ಅಂದಳು. ಚಿಕ್ಕವಳು ಅದನ್ನು ವಾಪಸ್ ತೆಗೆದುಕೊಂಡು, ಏನೂ ಹೇಳದೆ, ಹಾಳೆಯನ್ನು ಉದ್ದಕ್ಕೆ ಕತ್ತರಿಸಿದಳು.