ಹಾಡು ಹೋಗಬೇಕು, ಮಗ್ಗದ ಸದ್ದು ಉಳಿಯಬೇಕು

ಪ್ರಶ್ನೆ: ಬೆಟಗೇರಿಯಲ್ಲಿ ಕೈಮಗ್ಗ ನೇಯುವ ಅಜ್ಜನೊಬ್ಬರನ್ನು ಮಾತಾಡಿಸಿ 14 ನಿಮಿಷದ ವಿಡಿಯೋ ಮಾಡಿ ಯೂಟ್ಯೂಬ್‌ಗೆ ಹಾಕಿದ್ದೇನೆ ಸರ್. ನಡುವೆ ಎದುರಿನ ಚಹಾದಂಗಡಿಯವರು ಸಿನಿಮಾ ಹಾಡು ಹಚ್ಚಿದ್ದರು, ಅದೂ ರೆಕಾರ್ಡ್ ಆಗಿದೆ. ಈಗ 6:10ರಿಂದ 7:25ರವರೆಗೆ ಕಾಪಿರೈಟ್ ಅಂತ ನೋಟಿಸ್ ಬಂದಿದೆ. ಅಜ್ಜ ಹಣಿಗೆ ಬಗ್ಗೆ ಹೇಳಿದ ಮಾತು ಅಲ್ಲೇ ಇದೆ, ಮ್ಯೂಟ್ ಮಾಡೋಕೆ ಮನಸ್ಸಿಲ್ಲ. ಮಗ್ಗದ ಸದ್ದೂ ಹೋಗಬಾರದು. ಹಾಡು ಒಂದನ್ನೇ ತೆಗೆಯೋದು ಹೇಗೆ? (ಗದಗಿನ ಓದುಗರು)

ಉತ್ತರ: ಮೊದಲು ಒಂದು ಮಾತು. ಗಾಬರಿಯಾಗಿ ವಿಡಿಯೋ ಡಿಲೀಟ್ ಮಾಡಬೇಡಿ. ನಿಮಗೆ ಬಂದಿರೋದು ಕಂಟೆಂಟ್ ಐಡಿ ಕ್ಲೇಮ್, ಸ್ಟ್ರೈಕ್ ಅಲ್ಲ. ಕ್ಲೇಮ್ ಅಂದರೆ ಹಾಡಿನ ಮಾಲೀಕರು ಕೊಟ್ಟ ಮಾದರಿಗೆ ನಿಮ್ಮ ಧ್ವನಿ ತಾಳೆಯಾಗಿದೆ ಅಂತ ಯಂತ್ರ ಗುರುತಿಸಿದೆ, ಅಷ್ಟೇ. ವಿಡಿಯೋದ ಜಾಹೀರಾತಿನ ಹಣ ಅವರಿಗೆ ಹೋಗಬಹುದು, ಕೆಲವು ಸಲ ವಿಡಿಯೋ ಕಾಣದಂತೆ ತಡೆಯಲೂಬಹುದು. ಆದರೆ ಅದರಿಂದ ನಿಮ್ಮ ಚಾನೆಲ್ ಮೇಲೆ ಕಪ್ಪು ಚುಕ್ಕೆ ಬೀಳೋದಿಲ್ಲ. ಸ್ಟ್ರೈಕ್ ಬಂದಿದ್ದರೆ ಮಾತು ಬೇರೆ. ಆಗ ವಿಡಿಯೋನೇ ಕೆಳಗಿಳಿದಿರುತ್ತದೆ, ಕೆಳಗೆ ಹೇಳುವ ಯಾವ ದಾರಿಯೂ ಅದಕ್ಕೆ ನಡೆಯೋದಿಲ್ಲ.

"ಹಾಡು ನಾನು ಹಾಕಿದ್ದಲ್ಲ, ತಾನಾಗೇ ಕೇಳಿಸ್ತಿತ್ತು" ಅಂತ ವಾದ ಮಾಡಬಹುದೇ ಅಂತ ಬಹಳ ಜನ ಕೇಳ್ತಾರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಹಿನ್ನೆಲೆಯಲ್ಲಿ ಬಂದುಬಿಟ್ಟ ವಸ್ತುಗಳಿಗೆ ಒಂದು ವಿನಾಯಿತಿ ಇದೆ ನಿಜ. ಆದರೆ ಅದು ಗೋಡೆಯ ಮೇಲಿನ ಚಿತ್ರ, ಶಿಲ್ಪದಂಥ ಕಲಾಕೃತಿಗಳಿಗೆ. ಹಾಡಿನ ಹೆಸರು ಅಲ್ಲಿಲ್ಲ. ಹಾಗಾಗಿ ಹಾಡನ್ನು ತೆಗೆಯೋದೇ ನೆಟ್ಟಗಿನ ದಾರಿ.

ಯೂಟ್ಯೂಬ್ ಸ್ಟುಡಿಯೋದಲ್ಲೇ ಇದಕ್ಕೊಂದು ಸೌಲಭ್ಯ ಇದೆ. ಎಡಗಡೆ Content ಒತ್ತಿ. ನಿಮ್ಮ ವಿಡಿಯೋದ ಸಾಲಿನಲ್ಲಿ Restrictions ಕೆಳಗೆ Copyright ಅಂತ ಇರುತ್ತದೆ. ಅದರ ಮೇಲೆ ಮೌಸ್ ಇಟ್ಟು See details ಒತ್ತಿದರೆ ಯಾವ ಹಾಡು, ಎಷ್ಟರಿಂದ ಎಷ್ಟರವರೆಗೆ ಅಂತ ತೋರಿಸುತ್ತದೆ. ಅಲ್ಲಿ Take action ಒಳಗೆ ಹೋದರೆ Erase song ಸಿಗುತ್ತದೆ. ಪಕ್ಕದಲ್ಲೇ ಆ ಭಾಗದ ಎಲ್ಲಾ ಸದ್ದನ್ನೂ ಮ್ಯೂಟ್ ಮಾಡುವ ಆಯ್ಕೆಯೂ ಇರುತ್ತದೆ, ಅವಸರದಲ್ಲಿ ಅದನ್ನು ಒತ್ತಿಬಿಟ್ಟೀರಿ. Erase song ಹಾಡನ್ನಷ್ಟೇ ಅಳಿಸಿ ಮಾತು ಮತ್ತು ಸುತ್ತಲಿನ ಸದ್ದು ಉಳಿಸಲು ನೋಡುತ್ತದೆ. 2024ರಲ್ಲಿ ಇದನ್ನು ಸುಧಾರಿಸಿದ ಮೇಲೆ ಕೆಲಸ ಚೆನ್ನಾಗಿಯೇ ಮಾಡ್ತಿದೆ. ಇದರ ದೊಡ್ಡ ಲಾಭ ಅಂದರೆ ಲಿಂಕ್, ನೋಡಿದವರ ಲೆಕ್ಕ, ಕಮೆಂಟು ಎಲ್ಲಾ ಹಾಗೇ ಉಳಿಯುತ್ತವೆ.

ಆದರೆ ಅಸಲಿ ವಿಡಿಯೋದ ಮೇಲೆ ನೇರ ಕೈ ಇಡಬೇಡಿ. ನಾನು ಯಾವಾಗಲೂ ಹೀಗೆ ಮಾಡ್ತೇನೆ: ಅದೇ ಫೈಲನ್ನು ಇನ್ನೊಮ್ಮೆ ಪ್ರೈವೇಟ್ ಆಗಿ ಅಪ್‌ಲೋಡ್ ಮಾಡ್ತೇನೆ. ಅದಕ್ಕೂ ಅದೇ ಕ್ಲೇಮ್ ಬರುತ್ತದೆ. ಆ ನಕಲಿನ ಮೇಲೆ Erase song ನಡೆಸಿ, ಇಯರ್‌ಫೋನ್ ಹಾಕಿಕೊಂಡು ಕೇಳ್ತೇನೆ. ಹಿಡಿಸಿದರೆ ಮಾತ್ರ ಅಸಲಿಗೆ ಅದೇ ಕೆಲಸ. ಸಂಸ್ಕರಣೆಗೆ ಗಂಟೆಗಟ್ಟಲೆ ಹಿಡಿಯಬಹುದು, ಬೇಗ ಆಗಲಿಲ್ಲ ಅಂತ ಮತ್ತೆ ಮತ್ತೆ ಒತ್ತಬೇಡಿ.

ನೀವು ಕಳಿಸಿದ ತುಣುಕಿಗೂ ಹೀಗೇ ಮಾಡಿ ನೋಡಿದೆ. ಬರೀ ವಾದ್ಯ ಬಾರಿಸಿದ ಕಡೆ ಹಾಡು ಪೂರ್ತಿ ಹೋಗಿದೆ. "ಈ ಹಣಿಗಿ ನಮ್ಮಪ್ಪನ ಕಾಲದ್ದರೀ" ಅನ್ನೋ ಅಜ್ಜನ ಮಾತು ಸ್ಪಷ್ಟವಾಗಿದೆ. ಪೆಟ್ಟು ಬಿದ್ದದ್ದು ಮಗ್ಗಕ್ಕೆ. ಹಣಿಗೆ ಬಡಿಯುವ "ಟಕ್" ಸದ್ದಿನ ಬಾಲ ಕತ್ತರಿಸಿದಂತಾಗಿ, ನೀರೊಳಗಿಂದ ಬಂದ ಹಾಗೆ "ಪುಕ್" ಅಂತ ಕೇಳುತ್ತದೆ. ಲಾಳಿ ಓಡುವ ಸರಕ್ಕನೆಯ ಸದ್ದು ಎರಡು ಮೂರು ಕಡೆ ಕಾಣೆಯಾಗಿದೆ.

ಕಾರಣ ಊಹಿಸೋದು ಕಷ್ಟವಲ್ಲ. ಮಗ್ಗದ ಹೊಡೆತ ಸಮ ಲಯದಲ್ಲಿ ಬರುತ್ತದೆ, ಪ್ರತಿ ಹೊಡೆತವೂ ಚುರುಕಾಗಿ ಎದ್ದು ಬೇಗ ಇಳಿಯುತ್ತದೆ. ತಬಲಾ, ಢೋಲಕ್ ಬಾರಿಸಿದಾಗಲೂ ಸದ್ದಿನ ಗೆರೆ ಥೇಟ್ ಹಾಗೇ ಇರುತ್ತದೆ. ಯಂತ್ರಕ್ಕೆ ಯಾವುದು ಹಾಡಿನ ತಾಳ, ಯಾವುದು ಹಣಿಗೆ ಅಂತ ಬೇರೆ ಮಾಡೋದು ಕಷ್ಟ. ಗಾಳಿ, ಹಕ್ಕಿ, ಜನರ ಗದ್ದಲ ಇದ್ದಿದ್ದರೆ ಇಷ್ಟು ಕೆಡುತ್ತಿರಲಿಲ್ಲ. ನಿಮ್ಮ ವಿಡಿಯೋದ ಜೀವಾಳವೇ ಆ ಸದ್ದು ಅಲ್ವಾ? ಅದಕ್ಕೇ ಇಲ್ಲಿ ಸ್ಟುಡಿಯೋದ ಫಲಿತಾಂಶ ನನಗೆ ಸಾಲಲಿಲ್ಲ.

ಆಗ ಉಳಿಯೋದು ಕೈಯಾರೆ ಮಾಡುವ ದಾರಿ. ಫೋನಿನಲ್ಲಿರುವ ಮೂಲ ಫೈಲೇ ಬೇಕು, ಸ್ಟುಡಿಯೋದಿಂದ ಇಳಿಸಿಕೊಂಡದ್ದು ಗುಣಮಟ್ಟದಲ್ಲಿ ಕುಗ್ಗಿರುತ್ತದೆ. ffmpeg ಅನ್ನೋ ತಂತ್ರಾಂಶಕ್ಕೆ ಕೆಳಗಿನ ಮೊದಲ ಸಾಲು ಕೊಟ್ಟು ವಿಡಿಯೋದಿಂದ (ಇಲ್ಲಿ magga.mp4) ಧ್ವನಿಯನ್ನು ಬೇರೆ ಮಾಡಿ, ಅದನ್ನು ಧ್ವನಿ ಎಡಿಟ್ ಮಾಡುವ ಆಡಾಸಿಟಿಯಲ್ಲಿ ತೆರೆದು 6:10ರಿಂದ 7:25ರವರೆಗಿನ 75 ಸೆಕೆಂಡನ್ನು haadu.wav ಅಂತ ಉಳಿಸಿಕೊಳ್ಳಿ. ಆಮೇಲೆ ಎರಡನೇ ಸಾಲಿನಂತೆ ಅದನ್ನು ಡೀಮಕ್ಸ್ ಅನ್ನೋ ಉಚಿತ ತಂತ್ರಾಂಶಕ್ಕೆ ಕೊಡಿ:

```
ffmpeg -i magga.mp4 -vn poorti.wav
demucs --two-stems=vocals haadu.wav
```

ಡೀಮಕ್ಸ್ ಎರಡು ಫೈಲ್ ಕೊಡುತ್ತದೆ. vocals.wav ಒಳಗೆ ಮನುಷ್ಯರ ದನಿ, no_vocals.wav ಒಳಗೆ ಉಳಿದದ್ದೆಲ್ಲ. ಬಹಳ ಜನ ಎಡವೋದು ಇಲ್ಲೇ. ಮಗ್ಗದ ಸದ್ದು ಹಾಡಿನ ವಾದ್ಯಗಳ ಜೊತೆ ಎರಡನೇ ಫೈಲಿಗೆ ಹೋಗಿಬಿಟ್ಟಿರುತ್ತದೆ. ದನಿಯ ಫೈಲನ್ನಷ್ಟೇ ಇಟ್ಟುಕೊಂಡರೆ ಅಜ್ಜ ಖಾಲಿ ಕೋಣೆಯಲ್ಲಿ ಕೂತು ಮಾತಾಡಿದ ಹಾಗೆ ಕೇಳುತ್ತದೆ. ಒಂದು ಕ್ಷಣದ ಹಿಂದೆ ಮಗ್ಗದ ಮನೆ, ಈಗ ಏಕಾಏಕಿ ನಿಶ್ಶಬ್ದ. ನೋಡೋರ ಕಿವಿಗೆ ಆ ಕಡಿತ ತಕ್ಷಣ ಹೊಡೆಯುತ್ತದೆ.

ಹಾಗಾಗಿ ಮಗ್ಗದ ಸದ್ದನ್ನು ಬೇರೆ ಕಡೆಯಿಂದ ತರಬೇಕು. ಅದು ನಿಮ್ಮ ಫೈಲಿನಲ್ಲೇ ಇದೆ. ಹಾಡು ಶುರುವಾಗುವ ಮುಂಚೆ, 5:18ರಿಂದ 5:46ರವರೆಗೆ ಅಜ್ಜ ಸುಮ್ನೆ ನೇಯ್ತಾ ಇದ್ದಾರೆ, ಯಾರೂ ಮಾತಾಡಿಲ್ಲ. ಅದೇ ಮಗ್ಗ, ಅದೇ ಕೋಣೆ, ಅದೇ ಫೋನು. ಆ 28 ಸೆಕೆಂಡನ್ನು ಕತ್ತರಿಸಿ ಇನ್ನೊಂದು ಟ್ರ್ಯಾಕಿನಲ್ಲಿ ದನಿಯ ಕೆಳಗೆ ಹಾಸಿ. 75 ಸೆಕೆಂಡ್ ತುಂಬಲು ಮೂರು ಸಲ ಇಡಬೇಕಾಗುತ್ತದೆ. ಮೂರೂ ಸಲ ಒಂದೇ ಜಾಗದಿಂದ ಶುರು ಮಾಡಬೇಡಿ. ನಿಮ್ಮ ತುಣುಕಿನಲ್ಲಿ 5:31ಕ್ಕೆ ಯಾರೋ ಕೆಮ್ಮಿದ್ದಾರೆ. ಅದು ಮೂರು ಸಲ ಕೇಳಿಸಿದರೆ ಮುಗೀತು, ಅಂಟಿಸಿದ್ದು ಅಂತ ಗೊತ್ತಾಗಿಬಿಡುತ್ತದೆ. ಕೆಮ್ಮನ್ನು ಮೊದಲೇ ಕತ್ತರಿಸಿ ಹಾಕಿ.

ಜೋಡಣೆಯನ್ನು ಯಾವಾಗಲೂ ಎರಡು ಹೊಡೆತಗಳ ನಡುವೆ ಮಾಡಿ, ಹೊಡೆತದ ಮೇಲೆ ಅಲ್ಲ. ಒಂದು ತುಂಡು ಇಳಿಯುತ್ತಾ ಇನ್ನೊಂದು ಏರುವಂತೆ ಕಾಲು ಸೆಕೆಂಡಿನಷ್ಟು ಒಂದರ ಮೇಲೊಂದು ಬರಲಿ. ಸದ್ದಿನ ಮಟ್ಟವನ್ನು ಅಂಕಿ ನೋಡಿ ಹೊಂದಿಸಬೇಡಿ. 6:05ರಿಂದ 6:15ರವರೆಗೆ ಕಣ್ಣು ಮುಚ್ಚಿ ಹತ್ತು ಸಲ ಕೇಳಿ. ಎಲ್ಲಿಂದ ಬದಲಾಯಿತು ಅಂತ ಹೇಳೋಕೆ ಬರದಿದ್ದರೆ ಮಟ್ಟ ಸರಿಯಾಗಿದೆ. 7:25ರ ಕೊನೆಯಲ್ಲೂ ಹೀಗೇ ಕೇಳಬೇಕು.

ನಿಮ್ಮ ಅದೃಷ್ಟ, ಆ ಭಾಗದಲ್ಲಿ ಕ್ಯಾಮೆರಾ ಹೆಚ್ಚಾಗಿ ಅಜ್ಜನ ಮುಖದ ಮೇಲಿದೆ. ಕೈ ಕಾಣದಿದ್ದಾಗ ಹೊಡೆತ ಒಂದಿಷ್ಟು ಹಿಂದೆ ಮುಂದೆ ಆದರೂ ನಡೆಯುತ್ತದೆ. 6:52ರಿಂದ ಆರು ಸೆಕೆಂಡ್ ಮಾತ್ರ ಹಣಿಗೆ ಕಾಣುತ್ತದೆ. ಅಲ್ಲಿ ಒಂದೊಂದು ಹೊಡೆತವನ್ನೂ ಬಿಡಿಬಿಡಿಯಾಗಿ ಕತ್ತರಿಸಿ, ಚಿತ್ರ ನೋಡುತ್ತಾ ಜರುಗಿಸಿ ಕೂಡಿಸಬೇಕು. ನನಗೆ ಆ ಆರು ಸೆಕೆಂಡಿಗೇ ಅರ್ಧ ಗಂಟೆ ಹಿಡಿಯಿತು. ಉಳಿದದ್ದಕ್ಕೆಲ್ಲಾ ಸೇರಿ ಅಷ್ಟೇ.

ಒಂದು ಕಡೆ ಮಾತ್ರ ಸೋಲಬೇಕಾಯಿತು. 7:02ರಿಂದ 7:06ರವರೆಗೆ ಹಾಡಿನಲ್ಲಿ ಗಾಯಕಿಯ ದನಿ ಎದ್ದಿದೆ, ಅದೇ ಹೊತ್ತಿಗೆ ಅಜ್ಜನೂ ಮಾತಾಡಿದ್ದಾರೆ. ಡೀಮಕ್ಸ್‌ಗೆ ಹಾಡುವ ದನಿ, ಆಡುವ ದನಿ ಎರಡೂ ಮನುಷ್ಯರ ದನಿಯೇ, ಎರಡನ್ನೂ vocals.wav ಒಳಗೇ ಇಡುತ್ತದೆ. ಮೂಲ ಹಾಡನ್ನು ಇಳಿಸಿಕೊಂಡು, ಅದರ ಅಲೆಯನ್ನು ತಲೆಕೆಳಗು ಮಾಡಿ ಕೂಡಿಸಿದರೆ ಹಾಡು ಹೋಗುತ್ತದಲ್ಲ ಅಂತ ಕೆಲವರು ಹೇಳ್ತಾರೆ. ಎಡಿಟಿಂಗ್ ಹೊತ್ತಿನಲ್ಲಿ ಹಾಡನ್ನು ಫೈಲಿನಿಂದಲೇ ಸೇರಿಸಿದ್ದರೆ ಅದು ಒಂದು ಮಟ್ಟಿಗೆ ನಡೆಯುತ್ತದೆ. ನಿಮ್ಮದು ಚಹಾದಂಗಡಿಯ ಸ್ಪೀಕರಿನಿಂದ ಹೊರಟು, ಓಣಿ ದಾಟಿ, ಗೋಡೆಗಳಿಗೆ ಬಡಿದು ಫೋನಿಗೆ ಬಂದ ಹಾಡು. ಅದರ ಅಲೆ ಮೂಲದ ಅಲೆಯ ಹಾಗೆ ಉಳಿದಿಲ್ಲ, ಆದ್ದರಿಂದ ಹಾಗೆ ಮಾಡಿದರೂ ಹೋಗೋದಿಲ್ಲ. ಆ ನಾಲ್ಕು ಸೆಕೆಂಡ್ ದನಿ ತೆಗೆದು, ಮಗ್ಗದ ಸದ್ದಷ್ಟೇ ಬಿಟ್ಟು, ಅಜ್ಜನ ಮಾತನ್ನು ಪರದೆಯ ಮೇಲೆ ಅಕ್ಷರದಲ್ಲಿ ತೋರಿಸಿ. ಅವರು ಆಡಿದ ಹಾಗೇ, ಅವರ ಮಾತಿನಲ್ಲೇ ಬರೆಯಿರಿ.

ಸಿದ್ಧವಾದ 75 ಸೆಕೆಂಡನ್ನು poorti.wav ಒಳಗೆ ಅದೇ ಜಾಗದಲ್ಲಿ ಕೂಡಿಸಿ hosa.wav ಅಂತ ಉಳಿಸಿ. ಅಕ್ಷರ ಸೇರಿಸೋದಿದ್ದರೆ ನಿಮ್ಮ ಎಡಿಟಿಂಗ್ ಆ್ಯಪಿನಲ್ಲೇ ಧ್ವನಿ ಬದಲಿಸಿ. ಬರೀ ಧ್ವನಿ ಬದಲಿಸುವವರು ಚಿತ್ರವನ್ನು ಮತ್ತೆ ಕುಗ್ಗಿಸದೆ ಹೀಗೆ ಮಾಡಬಹುದು:

```
ffmpeg -i magga.mp4 -i hosa.wav -map 0:v -map 1:a -c:v copy -c:a aac hosa.mp4
```

ಯೂಟ್ಯೂಬಿನಲ್ಲಿ ಹಳೇ ಲಿಂಕಿಗೆ ಹೊಸ ಫೈಲ್ ಹಾಕೋಕೆ ಬರೋದಿಲ್ಲ, ಹೊಸದಾಗಿಯೇ ಅಪ್‌ಲೋಡ್ ಮಾಡಬೇಕು. ಹಳೇದಕ್ಕೆ ಬಂದ ಕಮೆಂಟುಗಳ ಮೇಲೆ ನಿಮಗೆ ಪ್ರೀತಿ ಇದ್ದರೆ ಅದನ್ನು ಕ್ಲೇಮ್ ಸಮೇತ ಹಾಗೇ ಬಿಟ್ಟು, ಮೇಲೆ ಹೊಸ ಲಿಂಕ್ ಪಿನ್ ಮಾಡಿ. ಹೊಸದನ್ನು ಹಾಕುವಾಗ Checks ಹಂತದಲ್ಲಿ ನಿಲ್ಲಿ, ಪಬ್ಲಿಕ್ ಮಾಡುವ ಮುಂಚೆಯೇ ಕಾಪಿರೈಟ್ ತಪಾಸಣೆ ಅಲ್ಲಿ ಆಗುತ್ತದೆ. ಮತ್ತೆ ಕ್ಲೇಮ್ ತೋರಿಸಿದರೆ ಅದು ಹೇಳುವ ಸಮಯಕ್ಕೆ ಹೋಗಿ ಕೇಳಿ. ದನಿಯ ಫೈಲಿನಲ್ಲಿ ಗಾಯಕಿಯ ಎಳೆಯೊಂದು ಉಳಿದಿರುತ್ತದೆ, ಹೆಚ್ಚಾಗಿ ಅಜ್ಜ ಉಸಿರು ತಗೊಂಡ ಸಂದಿಯಲ್ಲಿ. ಆ ಸಂದಿಯಲ್ಲಿ ದನಿಯ ಟ್ರ್ಯಾಕನ್ನು ಪೂರ್ತಿ ಇಳಿಸಿ, ಮಗ್ಗವನ್ನಷ್ಟೇ ಬಿಟ್ಟು, ಇನ್ನೊಮ್ಮೆ ಹಾಕಿ ನೋಡಿ.